ಅಜ್ಜಿಯ ಮುಖದ ಅರಿಶಿನ: ವೇವ್‌ಫಾರ್ಮ್, ವೆಕ್ಟರ್‌ಸ್ಕೋಪ್ ಇಟ್ಟುಕೊಂಡು ಗ್ರೇಡ್ ಮಾಡಿದ ಒಂದು ಶಾಟ್

ಇಳಕಲ್ಲಿನ ಒಂದು ಮಗ್ಗದ ಮನೆಯಲ್ಲಿ ತೆಗೆದ ಶಾಟ್ ಇದು. ನೇಯ್ಗೆ ಬಗ್ಗೆ ಮಾಡಿದ ಒಂದು ಸಣ್ಣ ಸಾಕ್ಷ್ಯಚಿತ್ರದ್ದು. ಅಜ್ಜ, ಅಜ್ಜಿ ಇಬ್ಬರೂ ಕುಳಿತು ಮಾತಾಡುತ್ತಾರೆ. ಫ್ರೇಮಿನ ತೀರಾ ಎಡಕ್ಕೆ ಕಿಟಕಿ, ಅದರ ಪಕ್ಕ ಅಜ್ಜಿ, ನಡುವೆ ಮಗ್ಗ, ಬಲಕ್ಕೆ ಅಜ್ಜ. ಹಿಂದೆ ಗಿಳಿಹಸಿರು ಬಣ್ಣ ಬಳಿದ ಗೋಡೆ. ನಮ್ಮ ಕಡೆ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ನೋಡಿರುತ್ತೀರಿ ಅಲ್ವಾ, ಅದೇ ಹಸಿರು. ಅಜ್ಜ ಕಪ್ಪು ಬಣ್ಣದವರು, ಬಿಳಿ ಅಂಗಿ. ಅಜ್ಜಿ ಅವರಿಗಿಂತ ತಿಳಿ ಬಣ್ಣ, ಕೆಂಪು ಸೆರಗಿನ ಇಳಕಲ್ ಸೀರೆ.

ಮೊದಲ ಸಲ ಗ್ರೇಡ್ ಮಾಡಿ, ಅಂದರೆ ಬೆಳಕು-ಬಣ್ಣ ತಿದ್ದಿ, ಕಳಿಸಿದಾಗ ನಿರ್ದೇಶಕಿ ಫೋನ್ ಮಾಡಿದರು. ಅವರು ಬಾಗಲಕೋಟೆ ಕಡೆಯವರು. "ಸರ್ರ, ಅಜ್ಜಾರ ಮುಖ ಬೂದಿ ಬಡದಂಗ ಕಾಣತದ. ಅಜ್ಜಿ ಮುಖದ ಅರಿಶಿಣ ಎಲ್ಲಿ ಹೋತ್ರಿ?" ಅಂದರು. ಎರಡೂ ಮಾತು ಸರಿಯಾಗಿದ್ದವು. ಎರಡೂ ತಪ್ಪನ್ನು ನಾನು ಸ್ಕೋಪ್ ನೋಡಿಕೊಂಡೇ ಮಾಡಿದ್ದೆ. ಚಿತ್ರದ ಬೆಳಕನ್ನು ಅಳೆಯುವ ವೇವ್‌ಫಾರ್ಮ್, ಬಣ್ಣವನ್ನು ಅಳೆಯುವ ವೆಕ್ಟರ್‌ಸ್ಕೋಪ್ ಎರಡಕ್ಕೂ ಸೇರಿ ಸ್ಕೋಪ್ ಅನ್ನುತ್ತೇವೆ. ಸ್ಕೋಪ್ ಸುಳ್ಳು ಹೇಳಿರಲಿಲ್ಲ. ಯಾವುದನ್ನು ಅಳೆಯುತ್ತಿದ್ದೇನೆ ಅನ್ನುವುದನ್ನು ನಾನು ಸರಿಯಾಗಿ ನೋಡಿರಲಿಲ್ಲ. ಎರಡನೇ ಸಲ ಮೊದಲಿನಿಂದ ಶುರು ಮಾಡಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೈಗೆ ಬಂದ ಫೂಟೇಜ್

ಸೋನಿ ಕ್ಯಾಮೆರಾ, 10 ಬಿಟ್, S-Log3 ಅನ್ನುವ ಲಾಗ್ ಬಗೆಯಲ್ಲಿ, ಅಂದರೆ ಬೆಳಕಿನ ಏರಿಳಿತವನ್ನು ಒತ್ತಿ ಹಿಡಿದಿಡುವ ಬಗೆಯಲ್ಲಿ ತೆಗೆದದ್ದು. ಗ್ರೇಡ್ ಮಾಡಿದ್ದು ಡಾವಿಂಚಿ ರಿಸಾಲ್ವ್‌ನಲ್ಲಿ. ಅಲ್ಲಿ ತಿದ್ದುವ ಒಂದೊಂದು ಹಂತಕ್ಕೂ ನೋಡ್ ಅನ್ನುತ್ತಾರೆ. ಕೊನೆಯ ನೋಡ್‌ನಲ್ಲಿ, ಲಾಗ್ ಚಿತ್ರವನ್ನು ಸಾಮಾನ್ಯ ಪರದೆಯ ಬಣ್ಣಕ್ಕೆ ತರುವ Color Space Transform ಹಾಕಿ, ಒಳಗೆ ಬರುವುದು S-Gamut3.Cine ಮತ್ತು S-Log3, ಹೊರಗೆ ಹೋಗುವುದು Rec.709 ಮತ್ತು Gamma 2.4 ಎಂದು ಇಟ್ಟಿದ್ದೆ. ಮುಂದೆ ಬರುವ ಅಂಕಿಗಳೆಲ್ಲ ಈ ಬದಲಾವಣೆ ಆದ ಮೇಲೆ ಸ್ಕೋಪ್‌ನಲ್ಲಿ ಕಂಡವು. ರಿಸಾಲ್ವ್‌ನ ಸ್ಕೋಪ್ 0 ರಿಂದ 1023 ರವರೆಗೆ ಅಳೆಯುತ್ತದೆ. ಹತ್ತರಿಂದ ಭಾಗಿಸಿದರೆ ಹೆಚ್ಚುಕಡಿಮೆ ಶೇಕಡಾ ಸಿಗುತ್ತದೆ. 512 ಅಂದರೆ ಅರ್ಧ.

ಕ್ಯಾಮೆರಾ ಹಿಡಿದವರು ಕಿಟಕಿಯ ಬೆಳಕು ಸುಟ್ಟುಹೋಗದಿರಲಿ ಅಂತ ಸ್ವಲ್ಪ ಕಡಿಮೆ ಎಕ್ಸ್‌ಪೋಸ್ ಮಾಡಿದ್ದರು. ಹಾಗಾಗಿ ಮುಖಗಳು ಕತ್ತಲಾಗಿದ್ದವು. ಬೆಳಕು ಬಿದ್ದ ಕೆನ್ನೆ ಅಜ್ಜನದು ಸುಮಾರು 330, ಅಜ್ಜಿಯದು 410. ಅಜ್ಜನ ಬಿಳಿ ಅಂಗಿ 620.

ಕಿಟಕಿಯ ಜಾಗದಲ್ಲಿ ವೇವ್‌ಫಾರ್ಮ್ ಮೇಲಕ್ಕೆ ಅಂಟಿಕೊಂಡಿತ್ತು. ಅಲ್ಲಿ ಏನಾದರೂ ಉಳಿದಿದೆಯಾ, ಇಲ್ಲವಾ ಅಂತ ಮೊದಲೇ ನೋಡಿಬಿಡುವುದು ಒಳ್ಳೆಯದು. Color Space Transform ಗಿಂತ ಹಿಂದಿನ ನೋಡ್‌ನಲ್ಲಿ ಇಡೀ ಚಿತ್ರವನ್ನು ಒಟ್ಟಿಗೆ ಏರಿಸಿ ಇಳಿಸುವ Offset ಅನ್ನು ಇಳಿಸಿ ನೋಡಬೇಕು. ಮೇಲೆ ಗೆರೆಯಂತಿದ್ದದ್ದು ಇಳಿಯುತ್ತಾ ಬಿಡಿಸಿಕೊಂಡರೆ, ಅಂದರೆ ಅದರೊಳಗೆ ಸರಳುಗಳ ಏರಿಳಿತ, ಹೊರಗಿನ ಮರದ ಎಲೆಗಳ ಪುಡಿಪುಡಿ ಕಂಡರೆ, ಚಿತ್ರ ಇನ್ನೂ ಉಳಿದಿದೆ. ಗೆರೆ ಗೆರೆಯಾಗೇ ಕೆಳಗೆ ಬಂದರೆ ಸೆನ್ಸರ್‌ನಲ್ಲೇ ಹೋಗಿದೆ, ಏನು ಮಾಡಿದರೂ ಬರಲ್ಲ. ಇಲ್ಲಿ ಸರಳುಗಳ ನಡುವಿನ ಆಕಾಶ ಮಾತ್ರ ಹೋಗಿತ್ತು, ಉಳಿದದ್ದು ಬಿಡಿಸಿಕೊಂಡಿತು. ಅದು ಗೊತ್ತಾದ ಮೇಲೆ ಕಿಟಕಿಯ ಚಿಂತೆ ಬಿಟ್ಟು ಮುಖಗಳ ಕಡೆ ಬಂದೆ.

ಅಜ್ಜನ ಮುಖ ಬೂದಿಯಾದದ್ದು ಯಾಕೆ

ಗ್ರೇಡಿಂಗ್ ಕಲಿಯುವವರಿಗೆಲ್ಲ ಒಂದು ಸೂತ್ರ ಸಿಗುತ್ತದೆ: ಮುಖವನ್ನು 65 ರಿಂದ 70 ಶೇಕಡಾಕ್ಕೆ ಇಡಿ. ಮೊದಲ ಸಲ ನಾನು ಮಾಡಿದ್ದು ಅದನ್ನೇ. ಅಜ್ಜನ ಕೆನ್ನೆಯನ್ನು 330 ರಿಂದ 680 ಕ್ಕೆ ಎತ್ತಿದೆ. ಅಂಗಿ ಉಬ್ಬಿ ಮೇಲಿನ ಗೆರೆಗೆ ಒತ್ತಿಕೊಂಡಿತು, ಆ ಜಾಗವನ್ನು ಮಾತ್ರ ಬೇರ್ಪಡಿಸುವ ಮಾಸ್ಕ್ ಹಾಕಿ ಅದನ್ನು ಕೆಳಗೆ ಎಳೆದೆ. ಕತ್ತಲಲ್ಲಿದ್ದ ನಾಯ್ಸ್ ಮುಖದ ಮೇಲೆ ಎದ್ದು ಬಂತು. ಅದಕ್ಕೂ ಒಂದು ಮದ್ದು ಹಾಕಿದೆ. ಹೀಗೆ ಒಂದು ತಪ್ಪನ್ನು ಮುಚ್ಚಲು ಇನ್ನೊಂದು ನೋಡ್, ಅದನ್ನು ಮುಚ್ಚಲು ಮತ್ತೊಂದು. ಕೊನೆಗೆ ಉಳಿದದ್ದು ಬೂದಿ ಬಣ್ಣದ ಮುಖ.

ಆ ಸೂತ್ರ ಎಲ್ಲಿಂದ ಬಂತು ಅಂತ ನೋಡಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ಬಿಳಿಯರ ಚರ್ಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 36 ಶೇಕಡಾವನ್ನು ವಾಪಸ್ ಕಳಿಸುತ್ತದೆ ಅಂತ ಲೆಕ್ಕ. ಅಳತೆಗೆ ಹಿಡಿಯುವ, 18 ಶೇಕಡಾ ವಾಪಸ್ ಕಳಿಸುವ ಗ್ರೇ ಕಾರ್ಡ್‌ಗಿಂತ ಒಂದು ಸ್ಟಾಪ್ ಮೇಲೆ, ಅಂದರೆ ಎರಡರಷ್ಟು ಬೆಳಕು. 2.4 ಗಾಮಾದಲ್ಲಿ 0.36 ಅನ್ನುವುದು ಸ್ಕೋಪ್ ಮೇಲೆ 65 ಶೇಕಡಾದ ಆಸುಪಾಸು ಬೀಳುತ್ತದೆ. ಹಾಗಾಗಿ 65-70 ಅನ್ನುವುದು ಒಂದು ಬಗೆಯ ಚರ್ಮದ ಅಳತೆ. ಅಜ್ಜನ ಚರ್ಮ ಗ್ರೇ ಕಾರ್ಡ್‌ನ ಹತ್ತಿರ, ಇಲ್ಲವೇ ಅದಕ್ಕಿಂತ ಕೆಳಗೆ. ಅದನ್ನು 68 ಕ್ಕೆ ಎತ್ತಿದರೆ ಅಜ್ಜನ ಮೇಲೆ ಜಾಸ್ತಿ ಬೆಳಕು ಬಿದ್ದ ಹಾಗೆ ಕಾಣುವುದಿಲ್ಲ. ಅಜ್ಜನ ಬಣ್ಣವೇ ಬೇರೆಯಾದ ಹಾಗೆ ಕಾಣುತ್ತದೆ.

ಹಾಗಾದರೆ ಅಜ್ಜನ ಮುಖಕ್ಕೆ ಸರಿಯಾದ ಅಂಕಿ ಯಾವುದು? ಮುಖವನ್ನು ಮಾತ್ರ ನೋಡಿ ಅದನ್ನು ಹೇಳಲು ಬರುವುದಿಲ್ಲ. ಪಕ್ಕದಲ್ಲಿ ಒಂದು ಆಸರೆ ಬೇಕು. ಇಲ್ಲಿ ಆ ಆಸರೆ ಅಜ್ಜನ ಅಂಗಿ. ಅದೇ ಬೆಳಕಿನಲ್ಲಿ, ಮುಖದಿಂದ ಒಂದು ಗೇಣು ದೂರದಲ್ಲಿ, ಬಿಳಿ ಬಟ್ಟೆ ಇದೆ. ಬಿಳಿ ಬಟ್ಟೆ ಬಿಳಿಯಾಗಿ ಕಾಣಬೇಕು, ಆದರೆ ಅದರ ನೆರಿಗೆ, ನೂಲಿನ ಜಾಡು ಉಳಿಯಬೇಕು. ನನ್ನ ಅನುಭವದಲ್ಲಿ ಅಂಥ ಬಟ್ಟೆ 800 ರಿಂದ 850 ರಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಅಂಗಿಯನ್ನು ಅಲ್ಲಿಗೆ ತಂದರೆ ಮುಖ ತಾನಾಗೇ ತನ್ನ ಜಾಗಕ್ಕೆ ಬರುತ್ತದೆ.

ಎರಡನೇ ಸಲ ಹಾಗೇ ಮಾಡಿದೆ. ಮಾಸ್ಕ್ ಇಲ್ಲ, ಏನಿಲ್ಲ. Color Space Transform ಗಿಂತ ಮುಂಚಿನ ನೋಡ್‌ನಲ್ಲಿ Offset ಏರಿಸಿದೆ. S-Log3 ನಲ್ಲಿ ಒಂದು ಸ್ಟಾಪ್ ಅಂದರೆ 1023 ರ ಅಳತೆಯಲ್ಲಿ ಸುಮಾರು 79. ಮಧ್ಯದ ಬೆಳಕಿನಿಂದ ಮೇಲಕ್ಕೆ ಪ್ರತಿ ಸ್ಟಾಪ್‌ಗೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಲಾಗ್‌ನಲ್ಲಿ Offset ತಿರುಗಿಸುವುದು ಕ್ಯಾಮೆರಾದ ಐರಿಸ್ ತೆರೆದ ಹಾಗೆ ಕೆಲಸ ಮಾಡುತ್ತದೆ. ಒಂದು ಸ್ಟಾಪ್‌ನಷ್ಟು ಏರಿಸಿದಾಗ ಅಂಗಿ 620 ರಿಂದ 830 ರ ಹತ್ತಿರ ಬಂತು. ಅಜ್ಜನ ಕೆನ್ನೆ 440, ಅಜ್ಜಿಯದು 550. ಅಲ್ಲಿಗೆ ಕೈ ಬಿಟ್ಟೆ. ಪರದೆ ಮೇಲೆ ಅಜ್ಜ ಅಜ್ಜನ ಹಾಗೇ ಕಂಡರು.

ಇದರ ಜೊತೆ ಒಂದು ತೊಂದರೆಯೂ ಬರುತ್ತದೆ. S-Log3 ನಲ್ಲಿ ಕಪ್ಪು ಸೊನ್ನೆಯಲ್ಲಿ ಇರುವುದಿಲ್ಲ, 95 ರಲ್ಲಿ ಇರುತ್ತದೆ. ಕೆಳಗಿನ ತುದಿಯಲ್ಲಿ ಸ್ಟಾಪ್‌ನ ಲೆಕ್ಕವೂ ಅಷ್ಟು ನೇರವಲ್ಲ. Offset ಎಲ್ಲವನ್ನೂ ಒಟ್ಟಿಗೆ ಎತ್ತುವುದರಿಂದ ಕಪ್ಪೂ ಮೇಲೆ ಬರುತ್ತದೆ, ಚಿತ್ರಕ್ಕೆ ಹಾಲು ಬೆರೆಸಿದ ಹಾಗಾಗುತ್ತದೆ. ವೇವ್‌ಫಾರ್ಮ್‌ನ ತಳ ನೋಡಿದರೆ ಸಾಕು. ಮಗ್ಗದ ಕೆಳಗಿನ ಗುಂಡಿಯ ಕತ್ತಲು ಮೊದಲು 25 ರಲ್ಲಿತ್ತು, ಈಗ 150 ದಾಟಿತ್ತು. ಮುಂದಿನ ನೋಡ್‌ನಲ್ಲಿ ಕತ್ತಲಿನ ಭಾಗವನ್ನು ಹೆಚ್ಚಾಗಿ ತಿದ್ದುವ Lift ಇಳಿಸಿ ಮತ್ತೆ 30 ಕ್ಕೆ ತಂದೆ. Lift ಇಳಿಸಿದಾಗ ಮುಖವೂ ಒಂದಿಷ್ಟು ಇಳಿಯುತ್ತದೆ. ಅದನ್ನು ಬೆಳಕಿನ ಭಾಗವನ್ನು ಹೆಚ್ಚಾಗಿ ತಿದ್ದುವ Gain ನಲ್ಲಿ ಸರಿಮಾಡಿದೆ.

ವೇವ್‌ಫಾರ್ಮ್‌ನಲ್ಲಿ ಮುಖ ಯಾವುದು, ಗೋಡೆ ಯಾವುದು

ಅಜ್ಜನ ಕೆನ್ನೆ 440 ಅಂತ ಸುಲಭವಾಗಿ ಬರೆದೆ. ಅದನ್ನು ಓದುವುದು ಅಷ್ಟು ಸುಲಭವಾಗಿರಲಿಲ್ಲ.

ವೇವ್‌ಫಾರ್ಮ್‌ನಲ್ಲಿ ಎಡ-ಬಲ ಅಂದರೆ ಚಿತ್ರದ ಎಡ-ಬಲವೇ. ಎಡ ತುದಿಯ ಎತ್ತರದ ಕಂಬ ಕಿಟಕಿ, ಅದರ ಪಕ್ಕದ ಗುಂಪು ಅಜ್ಜಿ, ಬಲಗಡೆ ಅಜ್ಜ. ಆದರೆ ಮೇಲೆ-ಕೆಳಗೆ ಅನ್ನುವುದು ಚಿತ್ರದ ಮೇಲೆ-ಕೆಳಗೆ ಅಲ್ಲ, ಬೆಳಕಿನ ಹೆಚ್ಚು-ಕಡಿಮೆ. ಅಜ್ಜನ ತಲೆಯ ಮೇಲಿನ ಗೋಡೆ, ಮುಖ, ಅಂಗಿ, ಪಂಚೆ ಎಲ್ಲ ಒಂದೇ ಕಂಬದಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಇಲ್ಲಿ ಹಸಿರು ಗೋಡೆ 450 ರ ಹತ್ತಿರವೇ ಇತ್ತು. ಅಜ್ಜನ ಕೆನ್ನೆಯೂ ಅಲ್ಲೇ. ಮೊದಲ ಸಲ ನಾನು ಮುಖ ಅಂತ ತಿಳಿದು ನೋಡುತ್ತಿದ್ದ ದಟ್ಟ ಪಟ್ಟಿಯಲ್ಲಿ ಮುಕ್ಕಾಲು ಪಾಲು ಗೋಡೆ.

ಬೇರೆ ಮಾಡುವ ದಾರಿ ಇದು. ಮುಖದ ಮೇಲೆ ಒಂದು ಗುಂಡನೆಯ ಪವರ್ ವಿಂಡೋ ಎಳೆಯಿರಿ. ಕೂದಲು, ಕಿವಿ, ಗೋಡೆ ಬಿಟ್ಟು ಕೆನ್ನೆ, ಮೂಗು, ಹಣೆ ಮಾತ್ರ ಬರಲಿ. Shift+H ಒತ್ತಿ. ವಿಂಡೋ ಹೊರಗಿನದೆಲ್ಲ ಬರೀ ಬೂದು ಬಣ್ಣವಾಗುತ್ತದೆ. ವೇವ್‌ಫಾರ್ಮ್‌ನಲ್ಲಿ ಆ ಬೂದು ಒಂದು ಅಡ್ಡ ಗೆರೆಯಾಗಿ ನಿಲ್ಲುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದದ್ದು ಮುಖ. ಈ ವಿಂಡೋ ಅಳತೆಗೆ ಮಾತ್ರ. ಅದರೊಳಗೆ ಏನೂ ತಿದ್ದಬೇಕಿಲ್ಲ, ನೋಡಿ ಮುಗಿದ ಮೇಲೆ ಆ ನೋಡ್ ತೆಗೆದುಹಾಕಬಹುದು.

ಹೀಗೆ ನೋಡಿದಾಗ ಅಜ್ಜನ ಮುಖ ಮೂರು ಭಾಗವಾಗಿ ಕಂಡಿತು. ಕಿಟಕಿ ಕಡೆಯ ಕೆನ್ನೆ 420 ರಿಂದ 460. ಇನ್ನೊಂದು ಕಡೆಯ ಕೆನ್ನೆ 220 ರ ಆಸುಪಾಸು. ಇವುಗಳ ಮೇಲೆ ತೆಳ್ಳಗೆ, ಮುಳ್ಳಿನ ಹಾಗೆ 700 ರವರೆಗೆ ಎದ್ದ ಒಂದೆರಡು ಎಳೆ. ಅದು ಹಣೆ ಮತ್ತು ಮೂಗಿನ ತುದಿಯ ಹೊಳಪು. ಬೇಸಿಗೆಯಲ್ಲಿ ಮಗ್ಗದ ಮನೆಯೊಳಗೆ ಕುಳಿತವರ ಹಣೆ ಹೊಳೆಯದೇ ಇರುತ್ತದಾ? ಈ ಮುಳ್ಳನ್ನು ಮುಖದ ಎಕ್ಸ್‌ಪೋಷರ್ ಅಂತ ಓದಬಾರದು. ಅದನ್ನು ನೋಡಿ ಮುಖ 70 ಶೇಕಡಾದಲ್ಲಿದೆ ಅಂದುಕೊಂಡರೆ ಇಡೀ ಶಾಟನ್ನು ಕತ್ತಲು ಮಾಡಿಬಿಡುತ್ತೀರಿ. ಓದಬೇಕಾದ್ದು ದಟ್ಟವಾದ ಭಾಗ. ಕಪ್ಪು ಚರ್ಮದ ಮೇಲೆ ಈ ಹೊಳಪು ಇರಲೇಬೇಕು ಅಂತಲೂ ನಾನು ಹೇಳುತ್ತೇನೆ. ಮುಖಕ್ಕೆ ದುಂಡಗಿನ ಆಕಾರ ಕೊಡುವುದು ಅದೇ. ಅದನ್ನು ಒತ್ತಿ ಇಳಿಸಿದರೆ ಮುಖ ಚಪ್ಪಟೆಯಾಗುತ್ತದೆ. ನನ್ನ ಮೊದಲ ಗ್ರೇಡ್‌ನಲ್ಲಿ ಬೂದಿ ಕಾಣಲು ಅದೂ ಒಂದು ಕಾರಣ.

ಬಿಳಿ ಅಂದದ್ದೆಲ್ಲ ಬಿಳಿಯಲ್ಲ

ಬಣ್ಣಕ್ಕೆ ಬರುವ ಮುಂಚೆ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗೇ ಕಾಣುತ್ತಿದೆಯಾ ಅನ್ನುವುದನ್ನು ನೋಡಬೇಕಿತ್ತು. ವೇವ್‌ಫಾರ್ಮ್ ಅನ್ನು ಕೆಂಪು, ಹಸಿರು, ನೀಲಿ ಮೂರೂ ಒಂದರ ಮೇಲೊಂದು ಬೀಳುವ ಹಾಗೆ ಹಾಕಿದರೆ, ನಿಜವಾಗಿ ಬಿಳಿ ಅಥವಾ ಬೂದು ಇರುವ ವಸ್ತುವಿನಲ್ಲಿ ಮೂರೂ ಎಳೆ ಸೇರಿ ಬೆಳ್ಳಗೆ ಕಾಣುತ್ತವೆ. ಅಜ್ಜನ ಅಂಗಿಯಲ್ಲಿ ನೀಲಿ ಎಳೆ ಮೇಲಿತ್ತು. ಹಾಗಾದರೆ ಶಾಟ್ ನೀಲಿಯಾಗಿದೆ ಅಂತ ತಾನೇ ಅನ್ನಿಸುವುದು?

ಅಂಗಿಗೆ ನೀಲಿ ಹಾಕಿದ್ದರು. ಬಟ್ಟೆ ಒಗೆದ ಮೇಲೆ ನೀಲಿ ನೀರಿನಲ್ಲಿ ಅದ್ದುವ ಮನೆಗಳಲ್ಲಿ ಬಿಳಿ ಬಟ್ಟೆ ಯಾವತ್ತೂ ಒಂದಿಷ್ಟು ನೀಲಿ ಕಡೆಗೇ ಇರುತ್ತದೆ. ಆ ಅಂಗಿಯನ್ನು ಬಿಳಿ ಮಾಡಲು ಹೋದರೆ ಉಳಿದದ್ದೆಲ್ಲ ಹಳದಿಗೆ ತಿರುಗುತ್ತದೆ. ಆಗ ಅಜ್ಜಿಯ ಅರಿಶಿನ ಇನ್ನಷ್ಟು ಜಾಸ್ತಿಯಾಗಿ ಕಂಡು, ಅದನ್ನು ಕಡಿಮೆ ಮಾಡುವ ಮನಸ್ಸಾಗುತ್ತದೆ. ನಾನು ಜಾರಿದ್ದು ಹೀಗೆಯೇ. ಬೆಳಕಿನ ಎತ್ತರಕ್ಕೆ ಅಂಗಿ ಒಳ್ಳೆಯ ಆಸರೆ, ಬಣ್ಣಕ್ಕೆ ಅಲ್ಲ.

ಎರಡನೇ ಸಲ ಅಜ್ಜನ ಬಿಳಿ ಮೀಸೆಯನ್ನೂ ನೋಡಿದೆ. ಬಿಳಿ ಕೂದಲು ಹೆಚ್ಚಾಗಿ ತುಸು ಹಳದಿ ಕಡೆ ಇರುತ್ತದೆ. ಅಂಗಿ ತುಸು ನೀಲಿ, ಮೀಸೆ ತುಸು ಹಳದಿ ಆಗಿರುವ ಜಾಗದಲ್ಲಿ ಬ್ಯಾಲೆನ್ಸ್ ನಿಲ್ಲಿಸಿದೆ. ಗ್ರೇ ಕಾರ್ಡ್ ಹಿಡಿದು ಒಂದು ಸೆಕೆಂಡ್ ಶೂಟ್ ಮಾಡಿದ್ದರೆ ಇದ್ಯಾವುದೂ ಬೇಕಾಗುತ್ತಿರಲಿಲ್ಲ.

ಹನ್ನೊಂದು ಗಂಟೆಯ ಗೆರೆ

ಈಗ ವೆಕ್ಟರ್‌ಸ್ಕೋಪ್. ಅದನ್ನು ಗಡಿಯಾರದ ಹಾಗೆ ನೋಡಿದರೆ ಸುಲಭ. ನಡುವಿನ ಚುಕ್ಕಿ ಅಂದರೆ ಬಣ್ಣವೇ ಇಲ್ಲದ್ದು. ನಡುವಿನಿಂದ ದೂರ ಹೋದಷ್ಟೂ ಬಣ್ಣ ಗಾಢ. ಯಾವ ದಿಕ್ಕಿಗೆ ಹೋಗಿದೆ ಅನ್ನುವುದು ಯಾವ ಬಣ್ಣ ಅನ್ನುವುದನ್ನು ಹೇಳುತ್ತದೆ. ಕೆಂಪು ಹನ್ನೊಂದೂವರೆಯ ಕಡೆ, ಹಳದಿ ಒಂಬತ್ತರ ಕಡೆ, ಹಸಿರು ಏಳೂ ಕಾಲರ ಕಡೆ. ಕೆಂಪು ಮತ್ತು ಹಳದಿಯ ನಡುವೆ, ಕೆಂಪಿಗೆ ಹತ್ತಿರವಾಗಿ, ಹನ್ನೊಂದು ಗಂಟೆಯ ಜಾಗದಲ್ಲಿ ಒಂದು ಗೆರೆ ಇದೆ. ರಿಸಾಲ್ವ್‌ನ ಸ್ಕೋಪ್ ಸೆಟ್ಟಿಂಗ್‌ನಲ್ಲಿ Show Skin Tone Indicator ಆನ್ ಮಾಡಿದರೆ ಕಾಣುತ್ತದೆ.

ಈ ಗೆರೆ ಚರ್ಮಕ್ಕೆಂದು ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1953 ರಲ್ಲಿ ಒಪ್ಪಿಗೆ ಪಡೆದ ಎನ್‌ಟಿಎಸ್‌ಸಿ ಕಲರ್ ಟಿವಿ ಪದ್ಧತಿಯಲ್ಲಿ ಬಣ್ಣವನ್ನು ಎರಡು ಸಿಗ್ನಲ್ ಮಾಡಿ ಕಳಿಸುತ್ತಿದ್ದರು. ಅದರಲ್ಲಿ ಒಂದರ ಹೆಸರು ಐ. ಕಿತ್ತಳೆಯಿಂದ ನೀಲಿಹಸಿರಿನವರೆಗಿನ ಬಣ್ಣಗಳಲ್ಲಿ ನಮ್ಮ ಕಣ್ಣು ಸಣ್ಣ ವಿವರವನ್ನು ಚೆನ್ನಾಗಿ ಹಿಡಿಯುತ್ತದೆ ಅಂತ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದರು. 123 ಡಿಗ್ರಿಯ ಆ ರೇಖೆಯ ಹತ್ತಿರವೇ ಮನುಷ್ಯರ ಚರ್ಮವೂ ಬೀಳುತ್ತದೆ. ಕಪ್ಪಗಿರಲಿ ಬೆಳ್ಳಗಿರಲಿ, ಚರ್ಮಕ್ಕೆ ಬಣ್ಣ ಬರುವುದು ರಕ್ತ ಮತ್ತು ಮೆಲನಿನ್‌ನಿಂದ. ಅವು ಎಷ್ಟಿವೆ ಅನ್ನುವುದು ಬದಲಾದಾಗ ಬೆಳಕು ತುಂಬಾ ಬದಲಾಗುತ್ತದೆ, ದಿಕ್ಕು ಅಷ್ಟಾಗಿ ಬದಲಾಗುವುದಿಲ್ಲ. ಆದರೂ ಎಲ್ಲರೂ ಗೆರೆಯ ಮೇಲೇ ಕೂರುವುದಿಲ್ಲ. ಅದು ಹತ್ತಿರದ ಗುರುತು, ಅಷ್ಟೇ.

ನಮ್ಮ ಶಾಟ್‌ನಲ್ಲಿ ಇಡೀ ಚಿತ್ರದ ವೆಕ್ಟರ್‌ಸ್ಕೋಪ್ ನೋಡಿದರೆ ಗೆರೆಯ ಮೇಲೆ ಉದ್ದನೆಯ, ದಟ್ಟವಾದ ಕೈ ಒಂದು ಚಾಚಿಕೊಂಡಿತ್ತು. ನೋಡಿದ ತಕ್ಷಣ ಚರ್ಮ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಅದರಲ್ಲಿ ಜಾಸ್ತಿ ಇದ್ದದ್ದು ಮಗ್ಗದ ಕಟ್ಟಿಗೆ ಮತ್ತು ಅಜ್ಜಿಯ ಕೆಂಪು ಸೆರಗು. ನಮ್ಮ ಮನೆಗಳ ಒಳಗಿನ ಕಟ್ಟಿಗೆ, ಮಣ್ಣು, ಹಿತ್ತಾಳೆ, ಕೆಂಪು ರೆಡ್ ಆಕ್ಸೈಡ್ ನೆಲ ಎಲ್ಲವೂ ಈ ಗೆರೆಯ ಆಚೀಚೆಯೇ ಬೀಳುತ್ತವೆ. ಹಾಗಾಗಿ ಇಲ್ಲೂ ಮುಖಕ್ಕೆ ವಿಂಡೋ ಹಾಕಿ, Shift+H ಒತ್ತಿ, ಮುಖವನ್ನು ಮಾತ್ರ ನೋಡಲೇಬೇಕು. ಹೊರಗಿನ ಬೂದು ಬಣ್ಣಕ್ಕೆ ದಿಕ್ಕಿಲ್ಲ, ಅದು ನಡುವಿನ ಚುಕ್ಕಿಯಲ್ಲಿ ಸೇರಿಹೋಗುತ್ತದೆ. ಮುಖದ ಗುರುತು ಚಿಕ್ಕದು, ಅದಕ್ಕೆ 2x ಜೂಮ್ ಹಾಕಿಕೊಂಡೆ.

ಎಕ್ಸ್‌ಪೋಷರ್ ಮುಗಿಸದೆ ವೆಕ್ಟರ್‌ಸ್ಕೋಪ್‌ಗೆ ಬರಬಾರದು. ಬೆಳಕು ಕಡಿಮೆಯಾದರೆ ಅದೇ ಬಣ್ಣದ ಗುರುತೂ ಗಿಡ್ಡವಾಗುತ್ತದೆ, ಜಾಸ್ತಿಯಾದರೆ ಉದ್ದವಾಗುತ್ತದೆ. ಅಜ್ಜನ ಗುರುತು ಅಜ್ಜಿಯದಕ್ಕಿಂತ ಗಿಡ್ಡ ಇತ್ತು. ಅಜ್ಜನ ಮುಖದಲ್ಲಿ ಬಣ್ಣ ಸಾಲದು ಅಂತ ಅದಕ್ಕೆ ಅರ್ಥವಲ್ಲ. ಮೊದಲ ಸಲ ಅದನ್ನು ಉದ್ದ ಮಾಡಲು ಸ್ಯಾಚುರೇಶನ್ ಏರಿಸಿದ್ದೆ, ಅಜ್ಜನ ತುಟಿ ಮತ್ತು ಕಣ್ಣಿನ ಅಂಚು ಕೆಂಪಾಗಿ ಉರಿದ ಹಾಗೆ ಕಂಡಿದ್ದವು.

ಕವಲೊಡೆದ ಗುರುತು

ಅಜ್ಜನ ಮುಖದ ಗುರುತು ನಡುವಿನಿಂದ ಹೊರಟು ಎರಡು ಕವಲಾಗಿತ್ತು. ಉದ್ದನೆಯ ಕವಲು ಹನ್ನೊಂದರ ಗೆರೆಯ ಮೇಲೇ ಇತ್ತು. ಅದು ಕಿಟಕಿ ಕಡೆಯ ಕೆನ್ನೆ. ಗಿಡ್ಡ ಕವಲು ಒಂಬತ್ತರ ಕಡೆಗೆ ಬಾಗಿತ್ತು. ಅದು ನೆರಳಿನ ಕೆನ್ನೆ. ಇಡೀ ಮುಖ ಒಂದೇ ಕಡೆ ಸರಿದಿದ್ದರೆ ಬ್ಯಾಲೆನ್ಸ್ ತಪ್ಪಿದೆ ಅಂತ ಅರ್ಥ. ಕವಲೊಡೆದಿದ್ದರೆ ಎರಡು ಬೇರೆ ಬೆಳಕು ಬಿದ್ದಿದೆ ಅಂತ. ಇಲ್ಲಿ ಎರಡನೇ ಬೆಳಕು ಗೋಡೆ. ಕಿಟಕಿಯ ಬೆಳಕು ಗಿಳಿಹಸಿರಿಗೆ ಬಡಿದು ವಾಪಸ್ ಬಂದು ನೆರಳಿನ ಕೆನ್ನೆ ಮೇಲೆ ಕೂತಿತ್ತು.

ಇದನ್ನು ಇಡೀ ಚಿತ್ರಕ್ಕೆ ತಿದ್ದಲು ಹೋದರೆ ಕೆಡುತ್ತದೆ. Lift ಅನ್ನು ಮೆಜೆಂಟಾ ಕಡೆ ಎಳೆದೆ. ನೆರಳಿನ ಕೆನ್ನೆ ಸರಿಹೋಯಿತು, ಆದರೆ ವೇವ್‌ಫಾರ್ಮ್‌ನ ತಳದಲ್ಲಿ ಮೂರೂ ಬಣ್ಣದ ಎಳೆ ಬಿಟ್ಟುಕೊಂಡವು. ಅಂದರೆ ಅಜ್ಜಿಯ ಕಪ್ಪು ಕೂದಲು, ಮಗ್ಗದ ಕೆಳಗಿನ ಕತ್ತಲು ಎಲ್ಲ ನೇರಳೆಗೆ ತಿರುಗಿದವು. ಅದನ್ನು ಹಿಂದಕ್ಕೆ ಬಿಟ್ಟು, ನೆರಳಿನ ಕೆನ್ನೆಗೆ ಮಾತ್ರ ಅಂಚು ಮೃದುವಾದ ಒಂದು ವಿಂಡೋ ಹಾಕಿ, ಟ್ರ್ಯಾಕ್ ಮಾಡಿ, ನಡುವಿನ ಬೆಳಕನ್ನು ತಿದ್ದುವ Gamma ಚಕ್ರವನ್ನು ಹಸಿರಿನಿಂದ ದೂರ ಸರಿಸಿದೆ. ಗಿಡ್ಡ ಕವಲು ಗೆರೆಯ ಕಡೆಗೆ ಹತ್ತಿರವಾಗುತ್ತಾ ಬಂತು.

ಎಲ್ಲಿ ನಿಲ್ಲಿಸಬೇಕು? ಎರಡೂ ಕವಲು ಒಂದಾಗುವ ತನಕ ಎಳೆದು ನೋಡಿದೆ. ಮುಖವನ್ನು ಬೇರೆಲ್ಲಿಂದಲೋ ಕತ್ತರಿಸಿ ತಂದು ಗೋಡೆಯ ಮುಂದೆ ಅಂಟಿಸಿದ ಹಾಗಿತ್ತು. ಹಿಂದೆ ಅಷ್ಟು ಹಸಿರು ಗೋಡೆ ಕಾಣುತ್ತಿರುವಾಗ ಮುಖದ ಮೇಲೆ ಅದರ ಒಂದು ಛಾಯೆ ಇರಲೇಬೇಕು. ಮೊದಲು ಎರಡು ಕವಲಿನ ನಡುವೆ ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆಯಷ್ಟು ಅಂತರ ಇತ್ತು, ಅಂದರೆ 30 ಡಿಗ್ರಿ. ಅದನ್ನು ಕಾಲು ಗಂಟೆಗೆ, ಏಳೆಂಟು ಡಿಗ್ರಿಗೆ ಇಳಿಸಿ ಬಿಟ್ಟೆ.

ಅಜ್ಜಿಯ ಕೈ

ಅಜ್ಜಿಯ ಮುಖವೂ ಕವಲೊಡೆದಿತ್ತು. ಆದರೆ ಅಲ್ಲಿ ಕಿಟಕಿ ಕಡೆಯ ಕವಲು ಕೂಡ ಗೆರೆಯ ಮೇಲೆ ಇರಲಿಲ್ಲ. ಅರ್ಧ ಗಂಟೆಯಷ್ಟು, ಅಂದರೆ ಸುಮಾರು 15 ಡಿಗ್ರಿ, ಹಳದಿ ಕಡೆಗಿತ್ತು. ಮೊದಲ ಸಲ ಇದನ್ನು ಬೆಳಕಿನ ದೋಷ ಅಂದುಕೊಂಡು ಒಂದು ಬಣ್ಣವನ್ನು ಮಾತ್ರ ಇನ್ನೊಂದರ ಕಡೆ ತಿರುಗಿಸುವ Hue Vs Hue ನಲ್ಲಿ ಗೆರೆಗೆ ತಂದು ಕೂರಿಸಿದ್ದೆ. ಸ್ಕೋಪ್ ನೋಡಿದರೆ ಅಂದವಾಗಿತ್ತು. ಅಜ್ಜಿ ಶೂಟಿಂಗ್ ಇದೆ ಅಂತ ಬೆಳಿಗ್ಗೆ ಎದ್ದು ಮುಖಕ್ಕೆ ಅರಿಶಿನ ಹಚ್ಚಿಕೊಂಡು, ದೊಡ್ಡ ಕುಂಕುಮ ಇಟ್ಟು, ಹೊಸ ಸೀರೆ ಉಟ್ಟು ಬಂದು ಕುಳಿತಿದ್ದರಂತೆ. ನಾನು ಆ ಅರಿಶಿನವನ್ನು ಒರೆಸಿಹಾಕಿದ್ದೆ. ನಿರ್ದೇಶಕಿ ಹೇಳಿದ ಮೇಲೆ ಬಹಳ ಹೊತ್ತು ಆ ಮುಖವನ್ನೇ ನೋಡುತ್ತಾ ಕುಳಿತಿದ್ದೆ.

ಯಾರೂ ಹೇಳದೆಯೂ ಇದು ನನಗೆ ಗೊತ್ತಾಗಬಹುದಿತ್ತಾ? ಗೊತ್ತಾಗಬಹುದಿತ್ತು. ಅಜ್ಜಿಯ ಕೈ ಫ್ರೇಮಿನಲ್ಲೇ ಇತ್ತು, ಅದೇ ಕಿಟಕಿಯ ಬೆಳಕಿನಲ್ಲಿ. ಎರಡನೇ ಸಲ ಅಳತೆಯ ವಿಂಡೋವನ್ನು ಮುಖದಿಂದ ತೆಗೆದು ಮುಂಗೈ ಮೇಲೆ ಇಟ್ಟೆ. ಬೆರಳಿನ ಮೇಲಲ್ಲ, ನೂಲಿನ ಕೆಲಸ ಮಾಡುವವರ ಬೆರಳಿಗೆ ಬಣ್ಣ ಅಂಟಿರುತ್ತದೆ. ಬಳೆಗಳಿಂದ ಮೇಲೆ, ಮೊಣಕೈಗಿಂತ ಕೆಳಗೆ. ಗುರುತು ನೇರವಾಗಿ ಹನ್ನೊಂದರ ಗೆರೆಯ ಮೇಲೆ ಬಿತ್ತು.

ಇದೊಂದೇ ನೋಟ ಸಾಕಿತ್ತು. ಬೆಳಕು ಹಳದಿಯಾಗಿದ್ದರೆ ಕೈ, ಮುಖ ಎರಡೂ ಸರಿಯಬೇಕಿತ್ತು. ಕೈ ಗೆರೆಯ ಮೇಲಿದೆ, ಮುಖ ಮಾತ್ರ ಸರಿದಿದೆ. ಹಾಗಾದರೆ ಆ ಹಳದಿ ಮುಖದ ಮೇಲೇ ಇದೆ. ಕುತ್ತಿಗೆಯನ್ನೂ ನೋಡಿದೆ. ಅದು ಎರಡರ ನಡುವೆ ಇತ್ತು. ಅರಿಶಿನ ಹಚ್ಚಿಕೊಳ್ಳುವಾಗ ಕೈ ಕುತ್ತಿಗೆಗೂ ಒಂದಿಷ್ಟು ಸವರಿಕೊಂಡು ಹೋಗುತ್ತದೆ, ಅಲ್ವಾ.

ಈಗ ಇಂಥ ಶಾಟ್ ಬಂದರೆ ಮೊದಲು ಮುಂಗೈ ನೋಡುತ್ತೇನೆ. ಮುಖಕ್ಕೆ ಮೇಕಪ್ ಇರಬಹುದು, ಪೌಡರ್ ಇರಬಹುದು, ಬಿಸಿಲಿಗೆ ಕಂದಿರಬಹುದು. ಮುಂಗೈಗೆ ಅಷ್ಟೆಲ್ಲ ಯಾರೂ ಹಚ್ಚಿಕೊಳ್ಳುವುದಿಲ್ಲ. ಕೈ ಕಾಣದ ಕ್ಲೋಸಪ್ ಆದರೆ ಅದೇ ಜಾಗದಲ್ಲಿ ತೆಗೆದ ಅಗಲ ಶಾಟ್‌ಗೆ ಹೋಗಿ ಅಲ್ಲಿ ಕೈಯನ್ನು ಅಳೆದು, ಅಲ್ಲಿ ಸಿಕ್ಕ ಬ್ಯಾಲೆನ್ಸ್ ಅನ್ನೇ ಕ್ಲೋಸಪ್‌ಗೂ ಹಾಕುತ್ತೇನೆ.

ಹಾಗಾಗಿ ಅಜ್ಜಿಯ ಬೆಳಕಿನ ಕೆನ್ನೆಯನ್ನು ಮುಟ್ಟಲಿಲ್ಲ. ಗೆರೆಯಿಂದ 15 ಡಿಗ್ರಿ ಆಚೆಯೇ ಇರಲಿ ಅಂತ ಬಿಟ್ಟೆ. ಅವರ ನೆರಳಿನ ಕೆನ್ನೆ ಮಾತ್ರ ಹಸಿರು ಕಡೆ ಇನ್ನಷ್ಟು ಇಳಿದಿತ್ತು. ಅದನ್ನು ಅಜ್ಜನಿಗೆ ಮಾಡಿದ ಹಾಗೇ ವಿಂಡೋ ಹಾಕಿ ಮೇಲೆ ತಂದೆ. ತಂದದ್ದು ಹನ್ನೊಂದರ ಗೆರೆಗಲ್ಲ, ಅವರದೇ ಬೆಳಕಿನ ಕೆನ್ನೆಯ ಹತ್ತಿರಕ್ಕೆ.

ಮೋಡ ಬಂದಾಗ

ಅದೇ ಮಾತುಕತೆಯ ನಡುವೆ ಅಜ್ಜನ ಕ್ಲೋಸಪ್ ಒಂದಿದೆ. ಅಷ್ಟು ಹೊತ್ತಿಗೆ ಮೋಡ ಮುಚ್ಚಿತ್ತು. ಬೆಳಕು ಕಡಿಮೆಯಾಗಿದ್ದಷ್ಟೇ ಅಲ್ಲ, ಸ್ವಲ್ಪ ನೀಲಿಗೂ ತಿರುಗಿತ್ತು. ಅಗಲ ಶಾಟ್‌ನ ಸ್ಟಿಲ್ ಹಿಡಿದು ಪಕ್ಕದಲ್ಲಿಟ್ಟುಕೊಂಡೆ. ಕ್ಲೋಸಪ್‌ನಲ್ಲಿ ಅಂಗಿಯ ಕಾಲರ್ ಮಾತ್ರ ಕಾಣುತ್ತದೆ, ಅದೂ ನೆರಳಿನಲ್ಲಿ. ಅದನ್ನು 830 ಕ್ಕೆ ತರುವುದು ತಪ್ಪಾಗುತ್ತಿತ್ತು. ಈ ಸಲ ನೇರವಾಗಿ ಕೆನ್ನೆಯನ್ನೇ 440 ಕ್ಕೆ ತಂದೆ. ಅಜ್ಜನ ಮುಖಕ್ಕೆ 440 ಅನ್ನುವುದು ಅಗಲ ಶಾಟ್‌ನಲ್ಲಿ ಅಂಗಿಯ ಆಸರೆಯಿಂದ ಸಿಕ್ಕ ಅಂಕಿ, ಅದನ್ನೀಗ ಧೈರ್ಯವಾಗಿ ಬಳಸಬಹುದು. ಮೋಡದ ಬೆಳಕು ಮೃದುವಾದ್ದರಿಂದ ನೆರಳಿನ ಕೆನ್ನೆ 220 ರ ಬದಲು 290 ರಲ್ಲಿತ್ತು. ಅದನ್ನು ಒಂದಿಷ್ಟು ಇಳಿಸಿ 250 ಕ್ಕೆ ಬಿಟ್ಟೆ. ಅದಕ್ಕಿಂತ ಇಳಿಸಿದಾಗ ಕಣ್ಣಿನ ಕುಳಿ ಕಪ್ಪಾಗಿ ಮುಚ್ಚಿಹೋಗುತ್ತಿತ್ತು.

ನೀಲಿ ತಿರುಗಿದ್ದನ್ನು ಸರಿಮಾಡಲು ಮತ್ತೆ ಮೀಸೆಗೇ ಹೋದೆ. ಕ್ಲೋಸಪ್‌ನಲ್ಲಿ ಮೀಸೆ ದೊಡ್ಡದಾಗಿ ಕಾಣುವುದರಿಂದ ಓದಲು ಇನ್ನೂ ಸುಲಭವಾಯಿತು. ಅಗಲ ಶಾಟ್‌ನಲ್ಲಿ ಅದರ ಮೂರು ಎಳೆ ಎಷ್ಟು ಅಂತರದಲ್ಲಿದ್ದವೋ ಅಷ್ಟೇ ಅಂತರಕ್ಕೆ ಇಲ್ಲೂ ತಂದಾಗ ಕೆನ್ನೆಯ ಗುರುತು ಹನ್ನೊಂದರ ಗೆರೆಗೆ ತಾನಾಗೇ ಬಂದು ಕೂತಿತು. ಎರಡು ಬೇರೆ ದಾರಿಯಿಂದ ಹೋದರೂ ಒಂದೇ ಜಾಗಕ್ಕೆ ಬಂದಾಗ ಸಿಗುವ ಧೈರ್ಯವೇ ಬೇರೆ.

ಇಷ್ಟು ಮಾಡಿ, ಎದ್ದು ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದು ನೋಡಿದೆ. ಒಂದೇ ಚಿತ್ರವನ್ನು ನೋಡುತ್ತಾ ಕುಳಿತರೆ ಕಣ್ಣು ಅದಕ್ಕೇ ಒಗ್ಗಿಬಿಡುತ್ತದೆ, ಹಸಿರು ಕೂಡ ಸರಿ ಅನ್ನಿಸತೊಡಗುತ್ತದೆ. ವಾಪಸ್ ಬಂದು ಕುಳಿತಾಗ ಮೊದಲು ಕಂಡದ್ದು ಅಜ್ಜಿಯ ಮುಖದ ಹಳದಿ ಹೊಳಪು, ಪಕ್ಕದಲ್ಲಿ ಅವರ ಕಂದು ಕೈ, ಕೈಯಲ್ಲಿ ಹಸಿರು ಬಳೆ. ನಿರ್ದೇಶಕಿಗೆ ಲಿಂಕ್ ಕಳಿಸಿದೆ. ಸಂಜೆ ಅವರಿಂದ ಮೆಸೇಜ್ ಬಂತು: "ಈಗ ನಮ್ಮ ಅಜ್ಜಿ ಕಂಡ್ರು ನೋಡ್ರಿ ಸರ್ರ. ಕ್ಲೋಸಪ್‌ನಾಗ ಅಜ್ಜಾರ ಕಣ್ಣು ಇನ್ನೊಂದೀಟು ಬೆಳಕಿಗೆ ಬರಬೇಕಾಗಿತ್ತು." ನೆರಳಿನ ಕೆನ್ನೆಯನ್ನು 250 ರಿಂದ 270 ಕ್ಕೆ ಎತ್ತಿ ಮತ್ತೆ ಕಳಿಸಿದೆ.